ಎಂಟೋ ಹತ್ತೋ? ಶುಕ್ರಾಸ್ತದ ಜಗಳ

ಬದಿಯಡ್ಕದ ನಮ್ಮ ಅಕ್ಕನ ಮಗಳಿಗೆ ಗಂಡು ನೋಡ್ತಿದ್ದಾರೆ. ಹುಡುಗಿ ಹುಟ್ಟಿದ್ದು 1999ರ ಆಗಸ್ಟ್ 14ರಂದು ಸಂಜೆ. ಮೊಬೈಲ್ ಆ್ಯಪ್ ಜಾತಕದಲ್ಲಿ ಶುಕ್ರನ ಮುಂದೆ "ಅಸ್ತ" ಅಂತ ಬಂತು. ಅಕ್ಕನಿಗೆ ಅವತ್ತಿನಿಂದ ನಿದ್ದೆ ಇಲ್ಲ. ಮದುವೆಗೆ ಕಾರಕನೇ ಶುಕ್ರ, ಅವನೇ ಸೂರ್ಯನ ಬೆಳಕಲ್ಲಿ ಮುಳುಗಿ ಬಲ ಕಳ್ಕೊಂಡ್ರೆ ಹೇಗೆ ಅಂತ.

ಜೋಯಿಸರು ನೋಡಿ ನಕ್ಕರು. "ಶುಕ್ರ ವಕ್ರಿ, ಅಂದ್ರೆ ಹಿಮ್ಮುಖ ನಡೆಯಲ್ಲಿ ಇದ್ದಾನೆ ಅಕ್ಕ, ಅಸ್ತ ಅಲ್ಲ" ಅಂದ್ರು. ಅವರ ಲೆಕ್ಕ ಹೀಗೆ. ಸೂರ್ಯಸಿದ್ಧಾಂತ ಅನ್ನೋ ಹಳೆಯ ಗ್ರಂಥದ ಪ್ರಕಾರ, ಸೂರ್ಯನಿಗೆ ಇಂತಿಷ್ಟು ಅಂಶಕ್ಕಿಂತ ಹತ್ತಿರ ಬಂದ್ರೆ ಗ್ರಹ ಅಸ್ತ. ಗುರುವಿಗೆ 11, ಶನಿಗೆ 15, ಕುಜನಿಗೆ 17 ಅಂಶ. ಶುಕ್ರನಿಗೆ ನೇರ ನಡೆಯಲ್ಲಿ 10, ವಕ್ರಿಯಾದ್ರೆ 8. ವಕ್ರಿ ಇರುವಾಗ ಶುಕ್ರ ಭೂಮಿಗೆ ಹತ್ತಿರ, ಬಿಂಬ ದೊಡ್ಡದು. ಅದಕ್ಕೇ ಸೂರ್ಯನಿಗೆ ಇನ್ನೂ ಹತ್ತಿರ ಬಂದ್ರೂ ಕಾಣ್ತಾನೆ ಅನ್ನೋದು ಕಾರಣ. ಅವತ್ತು ಸೂರ್ಯ ಕರ್ಕದ ಕೊನೆಯಲ್ಲಿ, ಶುಕ್ರ ಸಿಂಹದ ಆರನೇ ಅಂಶದ ಆಚೆ. ಅಂತರ ಸುಮಾರು ಒಂಬತ್ತೂವರೆ. ಆ್ಯಪ್ ವಕ್ರಿ ನೋಡದೆ ಶುಕ್ರನಿಗೆ ಹತ್ತೇ ಹಾಕಿದೆ, ಅಷ್ಟೇ. (ರಾಶಿ ಬೇರೆ ಬೇರೆ, ಹಾಗಾಗಿ ಕುಂಡಲಿಯ ಮನೆ ನೋಡಿದ್ರೆ ಇಬ್ಬರೂ ಹತ್ತಿರ ಇದ್ದಾರೆ ಅಂತಲೇ ಅನ್ಸಲ್ಲ.)

ಅಕ್ಕ ಖುಷಿ. ಆದ್ರೆ ನನಗೆ ಸಮಾಧಾನ ಆಗಲಿಲ್ಲ. ಈ ಅಂಶಗಳು ಕಾಲಾಂಶ ಅಲ್ವಾ? ರಾಶಿಚಕ್ರದ ಮೇಲೆ ಸುಮ್ನೆ ಕಳೆದು ಬಿಡೋ ಅಂತರ ಅಲ್ಲ. ಒಂದು ಅಂಶ ಅಂದ್ರೆ 4 ನಿಮಿಷ. ಸೂರ್ಯ ಮುಳುಗಿ ಎಷ್ಟು ಹೊತ್ತಿಗೆ ಗ್ರಹ ಮುಳುಗುತ್ತೆ ಅನ್ನೋದನ್ನ ನೋಡಬೇಕು. 8 ಅಂಶ ಅಂದ್ರೆ 32 ನಿಮಿಷ.

ನಮ್ಮೂರಿನ ಅಕ್ಷಾಂಶ ಸುಮಾರು ಹನ್ನೆರಡೂವರೆ ಡಿಗ್ರಿ. ಅದನ್ನ ಹಾಕಿ ಲೆಕ್ಕ ಮಾಡಿದೆ. ಅವತ್ತು ಶುಕ್ರ ಸೂರ್ಯನ ದಾರಿಯಿಂದ ಏಳು ಅಂಶದಷ್ಟು ದಕ್ಷಿಣಕ್ಕೆ ಸರಿದಿದ್ದ. ಇದನ್ನ ಶರ ಅಂತಾರೆ, ಜಾತಕ ಬರೆಯುವವರು ಇದನ್ನ ಮುಟ್ಟೋದೇ ಕಮ್ಮಿ. ಆ ಶರದಿಂದ ಶುಕ್ರ ಬೇಗ ಮುಳುಗ್ತಾನೆ. ಸೂರ್ಯಾಸ್ತವಾಗಿ ಸುಮಾರು 18 ನಿಮಿಷ, ಅಂದ್ರೆ ನಾಲ್ಕೂವರೆ ಕಾಲಾಂಶ ಮಾತ್ರ. ಎಂಟಕ್ಕೆ ಎಲ್ಲಿಗೆ ಸಾಲುತ್ತೆ? ಬೇಕಲದ ಕಡಲತೀರದಲ್ಲಿ ನಿಂತು ನೋಡಿದ್ರೂ, ಮಳೆಗಾಲದ ಮೋಡ ಇಲ್ಲದಿದ್ರೂ, ಆ ಸಂಜೆಯ ಬೆಳಕಲ್ಲಿ ಸಿಗೋದು ಕಷ್ಟ. ಆ್ಯಪ್ ತಪ್ಪು ದಾರಿಯಲ್ಲಿ ಸರಿ ಉತ್ತರಕ್ಕೆ ಬಂದಿತ್ತು.

ಅಸ್ತದಿಂದ ಫಲ ಕೆಡುತ್ತೋ ಇಲ್ವೋ, ಆ ವಾದಕ್ಕೆ ನಾನು ಬರಲ್ಲ. ಬುಧ ಯಾವತ್ತೂ ಸೂರ್ಯನಿಂದ 28 ಅಂಶ ದಾಟಿ ಹೋಗೋದೇ ಇಲ್ಲ, ಅವನಿಗೆ ಅಸ್ತದ ದೋಷ ಅಷ್ಟಿಲ್ಲ ಅಂತ ಜೋಯಿಸರೇ ಹೇಳ್ತಾರೆ. ಆದ್ರೆ ಅಸ್ತ ಅಂದ್ರೆ ಕಣ್ಣಿಗೆ ಕಾಣದಿರೋದು ಅಂತ ಒಪ್ಪಿದ ಮೇಲೆ ಕಾಣೋ ಹೊತ್ತನ್ನೇ ಲೆಕ್ಕ ಹಾಕಬೇಕಲ್ವಾ.

ಜೋಯಿಸರಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಶರ ನಾನು ನೋಡಿಲ್ಲ ಮಾರಾಯ, ಅಕ್ಕನಿಗೆ ಈಗಲೇ ಹೇಳ್ಬೇಡ" ಅಂದ್ರು.