ಒಪಿಡಿ ಟಿಪ್ಪಣಿ ಚಿಕ್ಕದಾಗಲಿ, ಆದರೆ ‘ಎ’ ಉಳಿಯಲಿ

ಹೊರರೋಗಿ ವಿಭಾಗದ ಬಾಗಿಲಲ್ಲಿ ಸಾಲು ಬೆಳೆಯುತ್ತಿರುವಾಗ ಸೋಪ್ ಟಿಪ್ಪಣಿಯನ್ನು ಚಿಕ್ಕದಾಗಿ ಬರೆಯದೆ ಬೇರೆ ದಾರಿಯಿಲ್ಲ, ಅದರಲ್ಲಿ ತಪ್ಪೂ ಇಲ್ಲ. ನನ್ನ ಆಕ್ಷೇಪ ಇರುವುದು ನಾವು ಯಾವ ಭಾಗವನ್ನು ಕತ್ತರಿಸುತ್ತೇವೆ ಎಂಬುದರ ಬಗ್ಗೆ. ಎಸ್ ಎಂದರೆ ರೋಗಿ ಹೇಳಿದ್ದು, ಓ ಎಂದರೆ ನಾವು ನೋಡಿದ್ದು ಮತ್ತು ಅಳೆದದ್ದು, ಎ ಎಂದರೆ ಅವೆರಡರಿಂದ ನಾವು ತಲುಪಿದ ನಿರ್ಣಯ, ಪಿ ಎಂದರೆ ಮುಂದಿನ ಕ್ರಮ. ಹೆಚ್ಚಿನ ಒಪಿಡಿ ಚೀಟಿಗಳಲ್ಲಿ ಎಸ್ ಮತ್ತು ಓ ಅಭ್ಯಾಸಬಲದಿಂದ ತುಂಬಿರುತ್ತವೆ, ಪಿ ಜಾಗದಲ್ಲಿ ಮಾತ್ರೆಗಳ ಪಟ್ಟಿ ಇರುತ್ತದೆ, ಎ ಜಾಗದಲ್ಲಿ ಮಾತ್ರ ಹಳೆಯ ಕಾಯಿಲೆಯ ಹೆಸರೊಂದು ಇರುತ್ತದೆ ಅಥವಾ ಏನೂ ಇರುವುದಿಲ್ಲ. ಸಮಯ ಉಳಿಸಬೇಕಾದದ್ದು ಮೊದಲ ಎರಡು ಭಾಗಗಳಲ್ಲಿ. ನಾವು ಉಳಿಸುತ್ತಿರುವುದು ಮೂರನೆಯದರಲ್ಲಿ.

ಈ ನಾಲ್ಕು ಭಾಗಗಳ ಕ್ರಮವನ್ನು ರೂಢಿಗೆ ತಂದವರು ಅಮೆರಿಕದ ವೈದ್ಯ ಲಾರೆನ್ಸ್ ವೀಡ್. ಪ್ರತಿಯೊಂದು ಟಿಪ್ಪಣಿಯೂ ರೋಗಿಯ ಒಂದು ನಿರ್ದಿಷ್ಟ ಸಮಸ್ಯೆಗೆ ಸೇರಿರಬೇಕು, ಅದನ್ನು ಓದಿದ ಇನ್ನೊಬ್ಬ ವೈದ್ಯನಿಗೆ ಬರೆದವನ ಯೋಚನೆಯನ್ನು ಪರೀಕ್ಷಿಸಲು ಸಾಧ್ಯವಾಗಬೇಕು ಎಂಬುದು 1968ರಲ್ಲಿ ಅವರು ಪ್ರಕಟಿಸಿದ ಲೇಖನದ ಹಿಂದಿನ ಆಶಯ. ನಮ್ಮ ಒಪಿಡಿಗಳಿಗೆ ಈ ಎರಡನೆಯ ಮಾತು ಹೆಚ್ಚು ಅನ್ವಯಿಸುತ್ತದೆ. ಇಲ್ಲಿ ರೋಗಿಯ ಕೈಯಲ್ಲಿ ಚೀಟಿ ಇರುತ್ತದೆ, ಮುಂದಿನ ಸಲ ಕುರ್ಚಿಯಲ್ಲಿ ಬೇರೆ ಪಿಜಿ ಅಥವಾ ಬೇರೆ ಡ್ಯೂಟಿ ಡಾಕ್ಟರ್ ಇರುತ್ತಾರೆ. ಇಂದಿನ ನಮ್ಮ ಯೋಚನೆಯಲ್ಲಿ ಅವರಿಗೆ ತಲುಪುವುದು ಆ ಚೀಟಿಯಲ್ಲಿ ಇರುವಷ್ಟು ಮಾತ್ರ.

ಎಲ್ಲ ಒಪಿಡಿಗಳಲ್ಲೂ ಕಾಣಸಿಗುವ ಒಂದು ಸಂದರ್ಭವನ್ನು ತೆಗೆದುಕೊಂಡು ಹೇಳುತ್ತೇನೆ. ಇದು ವಿವರಣೆಗಾಗಿ ನಾನೇ ಕಟ್ಟಿದ ಉದಾಹರಣೆ. ಬಿಪಿ ಮತ್ತು ಶುಗರ್ ಎರಡೂ ಇರುವ 58 ವರ್ಷದ ಮಹಿಳೆ ಕಾಲು ಬಾತುಕೊಂಡಿದೆ ಎಂದು ಬಂದಿದ್ದಾರೆ. ಅವರು ಅಮ್ಲೋಡಿಪಿನ್, ಟೆಲ್ಮಿಸಾರ್ಟನ್ 40 ಮಿ.ಗ್ರಾಂ ಮತ್ತು ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದಾರೆ. ಆರು ವಾರಗಳ ಹಿಂದೆ ಬಿಪಿ ಹತೋಟಿಗೆ ಬಾರದ್ದರಿಂದ ಅಮ್ಲೋಡಿಪಿನ್ ಅನ್ನು 5ರಿಂದ 10 ಮಿ.ಗ್ರಾಂಗೆ ಏರಿಸಲಾಗಿತ್ತು. ಊತ ಶುರುವಾಗಿ ಮೂರು ವಾರಗಳಾಗಿವೆ.

ಅವಸರದ ಚೀಟಿ ಹೀಗಿರುತ್ತದೆ: ಬಿಪಿ, ಶುಗರ್‌ನ ರೋಗಿ, ಕಾಲೂತದ ದೂರು. ಎಸ್1 ಎಸ್2 ಕೇಳಿಸುತ್ತದೆ, ಶ್ವಾಸಕೋಶ ಸರಿ, ಹೊಟ್ಟೆ ಮೃದು, ನರಮಂಡಲದಲ್ಲಿ ದೋಷವಿಲ್ಲ. ಎರಡೂ ಕಾಲಿನಲ್ಲಿ ಊತ ಇದೆ. ಎ: ಬಿಪಿ, ಶುಗರ್. ಪಿ: ಸಿಎಸ್‌ಟಿ, ಜೊತೆಗೆ ಫ್ಯೂರೋಸೆಮೈಡ್ 40 ಮಿ.ಗ್ರಾಂ ಬೆಳಿಗ್ಗೆ ಒಂದು.

ಚೀಟಿ ಚಿಕ್ಕದಾಗಿಯೇ ಇದೆ, ಆದರೆ ಊತ ಏಕೆ ಬಂತು ಎಂಬ ಪ್ರಶ್ನೆಗೆ ಇದರಲ್ಲಿ ಉತ್ತರವಿಲ್ಲ. ಸಿಎಸ್‌ಟಿ, ಅಂದರೆ ‘ಇದೇ ಚಿಕಿತ್ಸೆ ಮುಂದುವರಿಸಿ’ ಎಂಬ ಮೂರು ಅಕ್ಷರಗಳು, ಊತಕ್ಕೆ ಕಾರಣವಾಗಿರಬಹುದಾದ ಮಾತ್ರೆಯನ್ನೇ ಮುಂದುವರಿಸಿವೆ. ಒಂದು ತಿಂಗಳ ನಂತರ ಇದನ್ನು ಓದುವ ವೈದ್ಯರು ಫ್ಯೂರೋಸೆಮೈಡ್ ಕಂಡು ಹೃದಯ ವೈಫಲ್ಯ ಇದ್ದಿರಬೇಕು ಎಂದುಕೊಳ್ಳುತ್ತಾರೆ, ಇಲ್ಲವೇ ಹಿಂದಿನವರು ಕಾರಣವಿಲ್ಲದೆ ಕೊಟ್ಟಿರಲಾರರು ಎಂದು ಅದನ್ನೂ ಮುಂದುವರಿಸುತ್ತಾರೆ. ಪೊಟ್ಯಾಸಿಯಂ ಇಳಿಯುವುದು, ಯೂರಿಕ್ ಆಮ್ಲ ಏರುವುದು, ವಾಂತಿ ಭೇದಿಯಾದ ದಿನವೂ ಇದೇ ಮಾತ್ರೆಗಳನ್ನು ನುಂಗಿ ಕ್ರಿಯಾಟಿನಿನ್ ಏರುವುದು, ಇವೆಲ್ಲಕ್ಕೂ ಅಲ್ಲಿಂದ ದಾರಿ ತೆರೆಯುತ್ತದೆ. ಒಂದು ಔಷಧದ ಅಡ್ಡಪರಿಣಾಮವನ್ನು ಹೊಸ ಕಾಯಿಲೆ ಎಂದು ತಿಳಿದು ಇನ್ನೊಂದು ಔಷಧ ಸೇರಿಸುವ ಈ ಸರಪಳಿಯನ್ನು ತಡೆಯಬಲ್ಲ ಜಾಗವೆಂದರೆ ಟಿಪ್ಪಣಿಯ ಎ.

ಆದ್ದರಿಂದ ಬರೆಯುವ ಕ್ರಮವನ್ನೇ ತಿರುಗಿಸಬೇಕು ಎಂಬುದು ನನ್ನ ವಾದ. ರೋಗಿಯನ್ನು ಕೇಳಿ, ನೋಡಿ ಮುಗಿಸಿದ ಮೇಲೆ ಮೊದಲು ಮನಸ್ಸಿನಲ್ಲಿ ಎ ಭಾಗದ ವಾಕ್ಯ ಸಿದ್ಧವಾಗಲಿ. ನನ್ನ ಪ್ರಕಾರ ಇದು ಏನು, ಯಾವ ಆಧಾರದಿಂದ, ಇದಲ್ಲದೆ ನಾನು ಹೆದರಬೇಕಾದದ್ದು ಯಾವುದು, ಅದನ್ನು ಏಕೆ ಸದ್ಯಕ್ಕೆ ಬದಿಗಿಟ್ಟೆ ಎಂಬುದು ಆ ವಾಕ್ಯದಲ್ಲಿರಲಿ. ಅನಂತರ ಆ ವಾಕ್ಯವನ್ನು ಎತ್ತಿಹಿಡಿಯುವ ಅಥವಾ ಅಲುಗಾಡಿಸುವ ಸಂಗತಿಗಳನ್ನು ಮಾತ್ರ ಎಸ್ ಮತ್ತು ಓ ಭಾಗಗಳಲ್ಲಿ ಬರೆಯಬೇಕು. ಹೀಗೆ ಮಾಡಿದರೆ ಯಾವುದನ್ನು ಬಿಡಬೇಕು ಎಂಬ ಪ್ರಶ್ನೆ ತಾನಾಗಿಯೇ ಬಗೆಹರಿಯುತ್ತದೆ. ಮೇಲಿನ ರೋಗಿಯ ವಿಷಯದಲ್ಲಿ ‘ಹೊಟ್ಟೆ ಮೃದು, ನರಮಂಡಲ ಸರಿ’ ಎಂಬುದು ನಿರ್ಣಯವನ್ನು ಯಾವ ಕಡೆಗೂ ಸರಿಸುವುದಿಲ್ಲ. ‘ಮಲಗಿದರೆ ಉಸಿರು ಕಟ್ಟುವುದಿಲ್ಲ’ ಎಂಬುದು ಸರಿಸುತ್ತದೆ.

ಅದೇ ರೋಗಿಯ ಟಿಪ್ಪಣಿ ಹೀಗಿರಬಹುದು. ಕನ್ನಡದಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಎಸ್: ಮೂರು ವಾರದಿಂದ ಎರಡೂ ಪಾದದಲ್ಲಿ ಊತ, ಸಂಜೆಗೆ ಹೆಚ್ಚು. ಆರು ವಾರದ ಹಿಂದೆ ಅಮ್ಲೋಡಿಪಿನ್ 5ರಿಂದ 10 ಆಗಿದೆ. ನಡೆದರೂ ಮಲಗಿದರೂ ಉಬ್ಬಸವಿಲ್ಲ. ಬೆಳಿಗ್ಗೆ ಮುಖ ಊದುವುದಿಲ್ಲ. ನೋವಿನ ಮಾತ್ರೆ, ಪಯೋಗ್ಲಿಟಜೋನ್ ಇಲ್ಲ.

ಓ: ಬಿಪಿ 134/82, ನಾಡಿ 78, ತೂಕ 64 ಕೆ.ಜಿ., ಆರು ವಾರದ ಹಿಂದೆಯೂ 64. ಜೆವಿಪಿ ಏರಿಲ್ಲ, ಶ್ವಾಸಕೋಶದ ಬುಡ ಸ್ವಚ್ಛ. ಎರಡೂ ಕಡೆ ಕಣಕಾಲಿನವರೆಗೆ ಒತ್ತಿದರೆ ಕುಳಿ ಬೀಳುವ ಊತ, ಮೀನಖಂಡದಲ್ಲಿ ನೋವಿಲ್ಲ. ಮೂತ್ರದಲ್ಲಿ ಪ್ರೋಟೀನ್ ಇಲ್ಲ.

ಎ: ಕಾಲೂತ, ಬಹುಶಃ ಅಮ್ಲೋಡಿಪಿನ್‌ನಿಂದ, ಡೋಸ್ ಏರಿಸಿದ ಮೇಲೆ ಬಂದದ್ದು, ಎರಡೂ ಕಡೆ ಸಮ. ಹೃದಯ ವೈಫಲ್ಯದ ಸಾಧ್ಯತೆ ಕಡಿಮೆ: ಉಬ್ಬಸವಿಲ್ಲ, ಜೆವಿಪಿ ಮತ್ತು ತೂಕ ಏರಿಲ್ಲ. ಕಿಡ್ನಿಯಿಂದ ಪ್ರೋಟೀನ್ ಸೋರಿ ಬಂದ ಊತವಲ್ಲ. ಬಿಪಿ ಹತೋಟಿಗೆ ಹತ್ತಿರ ಇದೆ.

ಪಿ: ಅಮ್ಲೋಡಿಪಿನ್ 5ಕ್ಕೆ ಇಳಿಸಿ, ಟೆಲ್ಮಿಸಾರ್ಟನ್ 80ಕ್ಕೆ ಏರಿಸಿದೆ. ಫ್ಯೂರೋಸೆಮೈಡ್ ಬೇಡ. ಎರಡು ವಾರಕ್ಕೆ ಬಿಪಿ, ತೂಕ, ಕ್ರಿಯಾಟಿನಿನ್, ಪೊಟ್ಯಾಸಿಯಂ. ಆಗಲೂ ಊತ ಇಳಿಯದಿದ್ದರೆ, ತೂಕ ಏರಿದರೆ ಅಥವಾ ಉಬ್ಬಸ ಬಂದರೆ ಇಸಿಜಿ, ಎಕೋ ಮಾಡಿ ಕಾರಣವನ್ನು ಮರುಪರಿಶೀಲಿಸಬೇಕು.

ಇದು ಮೊದಲಿನ ಚೀಟಿಗಿಂತ ಉದ್ದವಾಗಿದೆ ಎಂಬುದನ್ನು ಒಪ್ಪುತ್ತೇನೆ. ಆದರೂ ಅರ್ಧ ಪುಟ ದಾಟುವುದಿಲ್ಲ, ರೂಢಿಯ ಸಂಕ್ಷೇಪಾಕ್ಷರಗಳಲ್ಲಿ ಬರೆದರೆ ಇನ್ನೂ ಕಡಿಮೆಯಾಗುತ್ತದೆ. ಇದರಲ್ಲಿ ಎ ಭಾಗ ಬಳಸಿಕೊಳ್ಳದ ಸಂಗತಿ ಹೆಚ್ಚುಕಡಿಮೆ ಇಲ್ಲ. ಪಯೋಗ್ಲಿಟಜೋನ್ ಇಲ್ಲ ಎಂದು ಬರೆದದ್ದಕ್ಕೂ ಕಾರಣವಿದೆ: ಶುಗರ್‌ಗೆ ಕೊಡುವ ಆ ಮಾತ್ರೆ ದೇಹದಲ್ಲಿ ನೀರು ನಿಲ್ಲಿಸುತ್ತದೆ, ಮತ್ತು ರೋಗಿ ಬೇರೊಬ್ಬ ವೈದ್ಯರಿಂದ ಸಂಯುಕ್ತ ಮಾತ್ರೆಯ ರೂಪದಲ್ಲಿ ಅದನ್ನು ತೆಗೆದುಕೊಳ್ಳುತ್ತಿರಬಹುದು.

‘ಫ್ಯೂರೋಸೆಮೈಡ್ ಬೇಡ’ ಎಂಬ ಎರಡು ಪದಗಳ ಹಿಂದಿನ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಮ್ಲೋಡಿಪಿನ್ ಸಣ್ಣ ಅಪಧಮನಿಗಳನ್ನು ಹಿಗ್ಗಿಸುತ್ತದೆ, ಆಚೆಗಿನ ಅಭಿಧಮನಿಗಳು ಅಷ್ಟು ಹಿಗ್ಗುವುದಿಲ್ಲ. ಹಾಗಾಗಿ ನಡುವಿನ ಲೋಮನಾಳಗಳಲ್ಲಿ ಒತ್ತಡ ಏರಿ ನೀರು ಅಂಗಾಂಶಕ್ಕೆ ಜಿನುಗುತ್ತದೆ. ದೇಹದಲ್ಲಿ ಒಟ್ಟು ನೀರು ಹೆಚ್ಚಾದದ್ದು ಇಲ್ಲಿ ಮುಖ್ಯ ಕಾರಣವಲ್ಲವಾದ್ದರಿಂದ ಮೂತ್ರವರ್ಧಕದಿಂದ ಈ ಊತ ಅಷ್ಟಾಗಿ ಇಳಿಯುವುದಿಲ್ಲ. ಡೋಸ್‌ನ ಪ್ರಭಾವವೂ ಸ್ಪಷ್ಟವಿದೆ: ಔಷಧದ ಅಧಿಕೃತ ಮಾಹಿತಿಪತ್ರದ ಪ್ರಕಾರ 5 ಮಿ.ಗ್ರಾಂನಲ್ಲಿ ನೂರಕ್ಕೆ ಸುಮಾರು 3 ಮಂದಿಗೆ ಊತ ಬಂದರೆ 10 ಮಿ.ಗ್ರಾಂನಲ್ಲಿ ಸುಮಾರು 11 ಮಂದಿಗೆ ಬರುತ್ತದೆ. ಟೆಲ್ಮಿಸಾರ್ಟನ್ ಗುಂಪಿನ ಔಷಧಗಳು ಅಭಿಧಮನಿಗಳ ಕಡೆಯನ್ನೂ ಸಡಿಲಿಸುವುದರಿಂದ ಅದನ್ನು ಏರಿಸುವುದು ಬಿಪಿಗೂ ಊತಕ್ಕೂ ಅನುಕೂಲ. ಇಷ್ಟನ್ನೆಲ್ಲ ಚೀಟಿಯಲ್ಲಿ ಬರೆಯಬೇಕಾಗಿಲ್ಲ, ಓದುವವರೂ ವೈದ್ಯರೇ. ‘ಅಮ್ಲೋಡಿಪಿನ್‌ನಿಂದ, ಡೋಸ್ ಏರಿದ ಮೇಲೆ’ ಎಂದರೆ ಉಳಿದದ್ದು ಅವರಿಗೆ ಹೊಳೆಯುತ್ತದೆ. ಟಿಪ್ಪಣಿಯಲ್ಲಿರಬೇಕಾದದ್ದು ಈ ರೋಗಿಯ ಸಂಗತಿಯಿಂದ ಈ ನಿರ್ಣಯಕ್ಕೆ ಬಂದ ಹೆಜ್ಜೆ. ಪಠ್ಯಪುಸ್ತಕದಲ್ಲಿ ಸಿಗುವುದನ್ನು ಬಿಡಬಹುದು.

ಸಮಯ ಉಳಿಸುವ ಆತುರದಲ್ಲಿ ‘ಇಲ್ಲ’ ಮತ್ತು ‘ನೋಡಿಲ್ಲ’ ಒಂದಾಗಿಬಿಡುವುದು ನನ್ನನ್ನು ಬಹಳ ಚಿಂತೆಗೀಡುಮಾಡುವ ವಿಷಯ. ಕತ್ತು ದಪ್ಪವಿದ್ದು ಜೆವಿಪಿ ಗೊತ್ತಾಗದಿದ್ದರೆ ‘ಏರಿಲ್ಲ’ ಎಂದು ಬರೆಯಬಾರದು, ‘ಗೊತ್ತಾಗಲಿಲ್ಲ’ ಎಂದೇ ಬರೆಯಬೇಕು. ಹಾಗೆ ಬರೆದ ಕೂಡಲೇ ಹೃದಯ ವೈಫಲ್ಯದ ಸಾಧ್ಯತೆ ಕಡಿಮೆ ಎಂಬ ಮಾತಿನ ಬಲ ಸ್ವಲ್ಪ ಕುಗ್ಗುತ್ತದೆ, ಎಕೋ ಇಂದೇ ಬೇಕೇ ಎಂದು ಮತ್ತೆ ಯೋಚಿಸಬೇಕಾಗುತ್ತದೆ. ಟಿಪ್ಪಣಿ ನಮ್ಮ ಯೋಚನೆಯನ್ನು ತಿದ್ದುವುದು ಇಂತಹ ಕಡೆಯಲ್ಲಿ. ಎಲ್ಲರಿಗೂ ಒಂದೇ ‘ಎಸ್1 ಎಸ್2 ಕೇಳಿಸುತ್ತದೆ’ ಸಾಲನ್ನು ಬರೆಯುವ ಕೈಗೆ, ಅಥವಾ ಕಂಪ್ಯೂಟರಿನಲ್ಲಿ ಕಳೆದ ಸಲದ ಟಿಪ್ಪಣಿಯನ್ನು ಹಾಗೆಯೇ ಎಳೆದುತರುವ ಗುಂಡಿಗೆ, ಆ ಶಕ್ತಿ ಇಲ್ಲ. ಕಾಲೂತದ ದೂರು ಇರುವ ದಿನವೂ ಓ ಭಾಗದಲ್ಲಿ ‘ಕಾಲೂತ ಇಲ್ಲ’ ಎಂದು ಉಳಿದಿರುವ ಟಿಪ್ಪಣಿ ಕಂಡರೆ ಆ ಪುಟದ ಉಳಿದ ಮಾತುಗಳನ್ನೂ ನಂಬಲಾಗುವುದಿಲ್ಲ.

ಒಳ್ಳೆಯ ಎ ಬರೆದದ್ದರ ಲಾಭ ಮುಂದಿನ ಭೇಟಿಯಲ್ಲಿ ಸಿಗುತ್ತದೆ. ಎರಡು ವಾರಗಳ ನಂತರ ಬೇರೊಬ್ಬ ವೈದ್ಯರು ನೋಡಿದರೂ ಅವರ ಟಿಪ್ಪಣಿ ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ: ಊತ ಬಹುತೇಕ ಇಳಿದಿದೆ, ಉಬ್ಬಸವಿಲ್ಲ. ಬಿಪಿ 128/80, ತೂಕ 64, ಕ್ರಿಯಾಟಿನಿನ್ 0.9, ಪೊಟ್ಯಾಸಿಯಂ 4.6. ಡೋಸ್ ಇಳಿಸಿದ ಮೇಲೆ ಊತ ಇಳಿದದ್ದರಿಂದ ಅಮ್ಲೋಡಿಪಿನ್ ಕಾರಣವೆಂಬುದಕ್ಕೆ ಬೆಂಬಲ ಸಿಕ್ಕಿದೆ, ಎಕೋ ಸದ್ಯಕ್ಕೆ ಬೇಡ. ಈಗಿನ ಡೋಸ್‌ಗಳೇ ಮುಂದುವರಿಯಲಿ. ಇಲ್ಲಿ ‘ಮುಂದುವರಿಯಲಿ’ ಎಂಬುದು ಸಿಎಸ್‌ಟಿಯಂತೆ ಕುರುಡಲ್ಲ, ಅದಕ್ಕೆ ಹಿಂದಿನ ಸಾಲಿನ ಆಧಾರವಿದೆ. ಊತ ಇಳಿಯದೆ ಹೋಗಿದ್ದರೂ ಹಿಂದಿನ ಪಿ ಭಾಗದ ಕೊನೆಯ ವಾಕ್ಯ ಅವರಿಗೆ ಮುಂದಿನ ಹೆಜ್ಜೆಯನ್ನು ತಿಳಿಸುತ್ತಿತ್ತು. ಎರಡು ವಾರ ಎಂದದ್ದಕ್ಕೂ ಕಾರಣವಿದೆ: ಅಮ್ಲೋಡಿಪಿನ್ ನಿಧಾನವಾಗಿ ಹೊರಹೋಗುವ ಔಷಧ, ಅದರ ಅರ್ಧಾಯುಷ್ಯವೇ 30ರಿಂದ 50 ಗಂಟೆ. ಆದ್ದರಿಂದ ಮೂರನೆಯ ದಿನ ಊತ ಇಳಿದಿಲ್ಲ ಎಂದು ನಿರ್ಣಯ ಬದಲಿಸುವುದು ಸರಿಯಲ್ಲ.

ಈ ಕ್ರಮ ಎಲ್ಲ ಭೇಟಿಗಳಿಗೂ ಹೊಂದುವುದಿಲ್ಲ. ಮೊದಲ ಭೇಟಿಯಲ್ಲಿ ಎ ಇನ್ನೂ ರೂಪುಗೊಂಡಿರುವುದಿಲ್ಲ, ಅಲ್ಲಿ ಸಂಗತಿಗಳನ್ನು ವಿಸ್ತಾರವಾಗಿಯೇ ದಾಖಲಿಸಬೇಕು. ನಿರ್ಣಯಕ್ಕೆ ಹೊಂದುವುದನ್ನು ಮಾತ್ರ ಬರೆಯುತ್ತ ಹೋದರೆ ಹೊಂದದ್ದು ಕಣ್ಮರೆಯಾಗುವ ಅಪಾಯವಿದೆ. ಒಂದೇ ಕಾಲು ಊದಿದ್ದರೆ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆಯನ್ನು ಪರಿಶೀಲಿಸಿದ ಬಗೆಯನ್ನು ಪೂರ್ತಿ ಬರೆಯಬೇಕು. ರೋಗಿ ಪರೀಕ್ಷೆಯನ್ನೋ ದಾಖಲಾತಿಯನ್ನೋ ನಿರಾಕರಿಸಿದರೆ ಅವರಿಗೆ ಏನು ತಿಳಿಸಿದೆವು, ಅವರು ಏನೆಂದರು ಎಂಬುದನ್ನು ಅವರ ಮಾತಿನಲ್ಲೇ ದಾಖಲಿಸಬೇಕು. ಇನ್ನು ಔಷಧದ ಅಡ್ಡಪರಿಣಾಮವನ್ನು ಆ ದಿನದ ಟಿಪ್ಪಣಿಯಲ್ಲಷ್ಟೇ ಬಿಟ್ಟರೆ ಸಾಲದು. ‘ಅಮ್ಲೋಡಿಪಿನ್ 10ರಲ್ಲಿ ಕಾಲೂತ, 5ಕ್ಕೆ ಇಳಿಸಿದಾಗ ಇಳಿಯಿತು’ ಎಂಬ ಸಾಲು ರೋಗಿಯ ಪುಸ್ತಕದ ಮೊದಲ ಪುಟಕ್ಕೆ ಹೋಗಬೇಕು, ಏಕೆಂದರೆ ಬಿಪಿ ಮತ್ತೆ ಏರಿದ ದಿನ ಯಾರಾದರೂ ಮೊದಲು ಯೋಚಿಸುವುದು ಅಮ್ಲೋಡಿಪಿನ್ ಅನ್ನು 10ಕ್ಕೆ ಏರಿಸುವ ಬಗ್ಗೆಯೇ.