ಬಿಲ್ಲಿನ ಕೊನೆಯ ಎರಡು ಸಾಲುಗಳನ್ನು ಹಂಚುವುದು ಹೇಗೆ?

ಗೆಳೆಯರೆಲ್ಲ ಸೇರಿ ಹೋಟೆಲಿನಲ್ಲಿ ಊಟ ಮಾಡಿದ ಮೇಲೆ, ಅವರವರು ತಿಂದದ್ದಕ್ಕೆ ಅವರವರೇ ಕೊಡುವುದು ಎಂದು ಒಪ್ಪಿಕೊಳ್ಳುವುದು ಸುಲಭ. ಲೆಕ್ಕ ಕೆಡುವುದು ತಿನಿಸುಗಳ ಪಟ್ಟಿ ಮುಗಿದ ನಂತರದ ಎರಡು ಸಾಲುಗಳಲ್ಲಿ, ಅಂದರೆ ಸರ್ವಿಸ್ ಚಾರ್ಜ್ ಮತ್ತು ತೆರಿಗೆಯಲ್ಲಿ. ‘ಇದನ್ನು ಮಾತ್ರ ಎಲ್ಲರೂ ಸಮನಾಗಿ ಹಾಕೋಣ’ ಎಂದು ಯಾರೋ ಒಬ್ಬರು ಹೇಳುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ನನಗೆ ತಕರಾರಿರುವುದು ಈ ಮಾತಿನ ಬಗ್ಗೆಯೇ.

ನಾಲ್ವರ ಒಂದು ಊಟವನ್ನು ತೆಗೆದುಕೊಳ್ಳೋಣ. ಮೊದಲನೆಯವರು 150ರ ತಿನಿಸು ತರಿಸಿಕೊಂಡರು, ಎರಡನೆಯವರು 250ರದ್ದು, ಮೂರನೆಯವರು 800ರದ್ದು, ನಾಲ್ಕನೆಯವರು 400ರದ್ದು. ಇದಲ್ಲದೆ ನಡುವೆ ಇಟ್ಟುಕೊಂಡು ನಾಲ್ವರೂ ತಿಂದ ತಟ್ಟೆಯೊಂದರ ಬೆಲೆ 400. ಅದನ್ನು ನೂರರಂತೆ ಹಂಚಿದರೆ ಅವರವರ ಪಾಲು ಕ್ರಮವಾಗಿ 250, 350, 900 ಮತ್ತು 500 ಆಗಿ, ತಿನಿಸುಗಳ ಒಟ್ಟು ಮೊತ್ತ 2000 ಆಗುತ್ತದೆ. ಶೇಕಡಾ 10ರ ಸರ್ವಿಸ್ ಚಾರ್ಜ್ ಸೇರಿ 2200, ಅದರ ಮೇಲೆ ಶೇಕಡಾ 5ರ ತೆರಿಗೆ ಸೇರಿ 2310.

ಹೆಚ್ಚುವರಿಯಾಗಿ ಬಂದ 310ನ್ನು ತಲೆಗೆ ಇಷ್ಟೆಂದು ಹಂಚಿದರೆ ಒಬ್ಬೊಬ್ಬರಿಗೆ 77.50 ಬೀಳುತ್ತದೆ. ಆಗ 250ರ ಊಟ ಮಾಡಿದವರು ತಮ್ಮ ಊಟದ ಮೇಲೆ ಶೇಕಡಾ 31ರಷ್ಟು ಹೆಚ್ಚುವರಿ ತೆತ್ತಂತಾಯಿತು. 900ರ ಊಟ ಮಾಡಿದವರು ತೆತ್ತದ್ದು ಶೇಕಡಾ 9ಕ್ಕೂ ಕಡಿಮೆ. ಬಿಲ್ಲು ಮಾತ್ರ ಎಲ್ಲರಿಗೂ ಶೇಕಡಾ 15.5ರಷ್ಟನ್ನೇ ವಿಧಿಸಿದೆ. ಇಡೀ ಬಿಲ್ಲನ್ನು ನಾಲ್ಕು ಪಾಲು ಮಾಡಿದ್ದರೆ ಕಡಿಮೆ ತಿಂದವರು 577.50 ಕೊಡಬೇಕಾಗುತ್ತಿತ್ತು, ಆ ಅನ್ಯಾಯ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಅರ್ಧ ಲೆಕ್ಕ ಹಾಕಿ ಅರ್ಧ ಬಿಟ್ಟಾಗ ಆಗುವ ಅನ್ಯಾಯ ಮೊತ್ತದಲ್ಲಿ ಚಿಕ್ಕದು, ಆದರೆ ನ್ಯಾಯದ ವೇಷದಲ್ಲಿ ಬರುವುದರಿಂದ ಯಾರೂ ಪ್ರಶ್ನಿಸುವುದಿಲ್ಲ. (ಸಮಪಾಲಾದರೂ ಲೆಕ್ಕದ ಪಾಲಾದರೂ ನಾಲ್ಕನೆಯವರ ಪಾಲಿಗೆ ಬರುವುದು ಅದೇ 577.50. ‘ಯಾವುದಾದರೂ ಸರಿ, ಬೇಗ ಮುಗಿಸಿ’ ಎನ್ನುವವರು ಸಾಮಾನ್ಯವಾಗಿ ಇವರೇ.)

ಸರಿಯಾದ ದಾರಿ ಇದಕ್ಕಿಂತ ಸುಲಭವಾಗಿದೆ. ಬಿಲ್ಲಿನ ಅಂತಿಮ ಮೊತ್ತವನ್ನು ತಿನಿಸುಗಳ ಮೊತ್ತದಿಂದ ಭಾಗಿಸಬೇಕು: 2310 ಭಾಗಿಸು 2000, ಅಂದರೆ 1.155. ಪ್ರತಿಯೊಬ್ಬರ ಪಾಲನ್ನೂ ಈ ಒಂದೇ ಸಂಖ್ಯೆಯಿಂದ ಗುಣಿಸಿದರೆ 288.75, 404.25, 1039.50 ಮತ್ತು 577.50 ಬರುತ್ತವೆ. ನಾಲ್ಕನ್ನೂ ಕೂಡಿದರೆ ಸರಿಯಾಗಿ 2310. ಭಾಗಿಸುವ ಬದಲು ಹತ್ತು ಮತ್ತು ಐದನ್ನು ಕೂಡಿ ಎಲ್ಲರಿಗೂ ಶೇಕಡಾ 15 ಸೇರಿಸುವವರಿದ್ದಾರೆ. ಹಾಗೆ ಮಾಡಿದರೆ ಕೈಗೆ ಬರುವುದು 2300 ಮಾತ್ರ, ಏಕೆಂದರೆ ಈ ಬಿಲ್ಲಿನಲ್ಲಿ ಸರ್ವಿಸ್ ಚಾರ್ಜಿನ ಮೇಲೂ ತೆರಿಗೆ ಬಿದ್ದಿದೆ. ಆ ಹತ್ತು, ಮೊದಲು ಕಾರ್ಡು ಕೊಟ್ಟವರ ತಲೆಯ ಮೇಲೆ ಬರುತ್ತದೆ. ತಿನಿಸುಗಳ ಬೆಲೆಯ ಮೊತ್ತವೇ ಅಂತಿಮ ಮೊತ್ತವಾಗಿದ್ದರೆ ತೆರಿಗೆ ಬೆಲೆಯೊಳಗೇ ಅಡಗಿದೆ ಎಂದು ಅರ್ಥ. ಅಲ್ಲಿ ಗುಣಿಸುವ ಕೆಲಸವೇ ಇಲ್ಲ.

ಈ ಒಂದು ಸಂಖ್ಯೆಯ ಉಪಾಯ ಸೋಲುವುದು ಬಿಲ್ಲಿನಲ್ಲಿ ಎರಡು ಬಗೆಯ ತೆರಿಗೆ ಇದ್ದಾಗ. ಮೂರನೆಯವರ 800ರಲ್ಲಿ 500 ಮದ್ಯದ್ದಾಗಿದ್ದು, ಅದಕ್ಕೆ ಶೇಕಡಾ 20ರ ತೆರಿಗೆ ಇತ್ತು ಎಂದುಕೊಳ್ಳಿ. ಬಿಲ್ಲು 2392.50ಕ್ಕೆ ಏರುತ್ತದೆ. ಎಂದಿನಂತೆ ಇಡೀ ಬಿಲ್ಲಿಗೆ ಒಂದೇ ಸಂಖ್ಯೆ ಬಳಸಿದರೆ, ಮದ್ಯ ಮುಟ್ಟದ ಮೊದಲನೆಯವರ ಪಾಲು 288.75ರಿಂದ ಸುಮಾರು 299ಕ್ಕೆ ಏರಿ, ಬೇರೆಯವರ ಲೋಟದ ತೆರಿಗೆಯನ್ನು ಅವರು ಕಟ್ಟಿದಂತಾಗುತ್ತದೆ. ಆದ್ದರಿಂದ ತಿನಿಸಿಗೆ 1.155, ಮದ್ಯಕ್ಕೆ 1.1 ಮತ್ತು 1.2ರ ಗುಣಲಬ್ಧವಾದ 1.32 ಎಂದು ಎರಡು ಸಂಖ್ಯೆಗಳನ್ನು ಇಟ್ಟುಕೊಳ್ಳಬೇಕು. ಆಗ ಮೂರನೆಯವರ ಪಾಲು 400ರ ತಿನಿಸಿಗೆ 462, 500ರ ಮದ್ಯಕ್ಕೆ 660, ಒಟ್ಟು 1122 ಆಗುತ್ತದೆ, ಉಳಿದ ಮೂವರದು ಕದಲುವುದಿಲ್ಲ.

ತಲೆಗೆ ಇಷ್ಟೆಂದೇ ಹೋಟೆಲಿನವರು ಹಾಕಿದ ಶುಲ್ಕವಿದ್ದರೆ ಅದನ್ನು ಮಾತ್ರ ಭಾಗಿಸುವ ಮುನ್ನ ಬಿಲ್ಲಿನಿಂದ ಕಳೆದು, ಕೊನೆಗೆ ಸಮನಾಗಿ ಸೇರಿಸಬೇಕು. ಒಂದು ತಿನಿಸಿಗಷ್ಟೇ ಸಿಕ್ಕ ರಿಯಾಯಿತಿ ಅದನ್ನು ತಿಂದವರಿಗೇ ಸೇರಬೇಕು. ಇಡೀ ಬಿಲ್ಲಿನ ಮೇಲೆ ಶೇಕಡಾವಾರು ಸಿಕ್ಕ ರಿಯಾಯಿತಿ ಗುಣಿಸುವ ಸಂಖ್ಯೆಯೊಳಗೇ ಬಂದುಬಿಡುತ್ತದೆ.

ಇನ್ನು ಚಿಲ್ಲರೆ. ಮೊದಲ ಲೆಕ್ಕದ ನಾಲ್ಕು ಪಾಲುಗಳನ್ನೂ ಹತ್ತಿರದ ಪೂರ್ಣ ಸಂಖ್ಯೆಗೆ ತಂದರೆ 289, 404, 1040, 578 ಆಗಿ, ಒಟ್ಟು 2311 ಬರುತ್ತದೆ. ಬಿಲ್ಲಿಗಿಂತ ಒಂದು ಹೆಚ್ಚು. ಹೀಗಾಗದಂತೆ, ಹಣ ಕಟ್ಟಿದವರನ್ನು ಬಿಟ್ಟು ಉಳಿದವರ ಪಾಲನ್ನಷ್ಟೇ ಪೂರ್ಣ ಮಾಡಿ, ಬಿಲ್ಲಿನಲ್ಲಿ ಉಳಿದದ್ದನ್ನು ಕಟ್ಟಿದವರ ಪಾಲೆಂದು ಬಿಡುವುದು ಮೇಲು.