ಎಣ್ಣೆಯ ಹೆಸರಿನಲ್ಲಿ ಫಿನಾಯಿಲ್

ನಮ್ಮ ಕಡೆಯ ಆ ಪ್ರಸಿದ್ಧ ಎಣ್ಣೆಮಿಲ್ಲು ನೆಲ ಒರೆಸುವ ಫಿನಾಯಿಲನ್ನು ಬಿಡುಗಡೆ ಮಾಡಿದ ಸಮಾಚಾರವನ್ನು ನೀವೆಲ್ಲ ಓದಿದ್ದೀರಿ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಕುಂಬಳೆಯಿಂದ ಮುಳ್ಳೇರಿಯದವರೆಗೆ ಫ್ಲೆಕ್ಸ್‌ಗಳೂ ಬಿದ್ದಿವೆ. ‘ಅದೇ ನಂಬಿಕೆ, ಈಗ ನಿಮ್ಮ ನೆಲಕ್ಕೂ’ ಎಂಬ ಸಾಲನ್ನು ಬರೆದ ಮಹಾನುಭಾವರಿಗೆ ನನ್ನ ನಮಸ್ಕಾರ. ಮೂರು ದಶಕ ನಾವು ದೋಸೆಯ ಕಾವಲಿಗೆ ಸವರಿಕೊಂಡ ನಂಬಿಕೆಯನ್ನು ಬಚ್ಚಲಿಗೂ ಸುರಿಯಬಹುದೆಂಬುದು ಇಷ್ಟು ಕಾಲ ಯಾರಿಗೂ ಹೊಳೆದಿರಲಿಲ್ಲ.

ಬಾಟಲಿಯನ್ನು ನಾನು ಅಂಗಡಿಯಲ್ಲಿ ಕೈಗೆತ್ತಿಕೊಂಡು ನೋಡಿದೆ. ಎಣ್ಣೆಯ ಬಾಟಲಿಯದೇ ಎತ್ತರ, ಅದೇ ಹಳದಿ ಮುಚ್ಚಳ, ಅದೇ ತೆಂಗಿನಮರ. ಬಹುಶಃ ಅಚ್ಚಿನ ಖರ್ಚು ಉಳಿದಿರಬೇಕು. ಹೆಸರು ಮಲಯಾಳದಲ್ಲಿಯೂ ಇಂಗ್ಲಿಷಿನಲ್ಲಿಯೂ ದೊಡ್ಡದಾಗಿದೆ. ಕನ್ನಡಕ್ಕೆ ಈ ಜಿಲ್ಲೆಯಲ್ಲಿ ಸಲ್ಲುವ ರೂಢಿಯ ಗೌರವವನ್ನು ಕೊಟ್ಟು ಕೆಳಗಿನ ಮೂಲೆಯಲ್ಲಿ ಒಂದು ಸಾಲು ಹಾಕಿದ್ದಾರೆ. ಆ ಸಾಲನ್ನು ಎಣ್ಣೆಯ ಲೇಬಲಿನಿಂದಲೇ ಎತ್ತಿಕೊಂಡಿದ್ದಾರೆಂಬುದು ಓದಿದಾಗ ತಿಳಿಯಿತು: ‘ಮನೆಮಂದಿಯ ಆರೋಗ್ಯಕ್ಕೆ, ದಿನನಿತ್ಯದ ಬಳಕೆಗೆ.’ ಕನ್ನಡ ಮಾತ್ರ ಬಲ್ಲ ನಮ್ಮ ಅಜ್ಜಿಯಂದಿರು ಇದನ್ನು ಓದಿ ಹಪ್ಪಳ ಕರಿದರೆ ತಪ್ಪು ಅಜ್ಜಿಯರದಲ್ಲ. ಭಾಷಾ ಅಲ್ಪಸಂಖ್ಯಾತರ ಹಕ್ಕಿಗಾಗಿ ಇಷ್ಟು ವರ್ಷ ಹೋರಾಡಿದವರು ಫಿನಾಯಿಲಿನ ಬಾಟಲಿಯ ಮೇಲೂ ಹೋರಾಡಬೇಕಾಗಬಹುದೆಂದು ಯಾರು ಎಣಿಸಿದ್ದರು?

ಅಂಗಡಿಯ ಶೆಟ್ಟರು ತಗ್ಗಿದ ಧ್ವನಿಯಲ್ಲಿ, “ಮಾಷ್ಟ್ರೇ, ಎರಡನ್ನೂ ಒಂದೇ ಹಲಗೆಯಲ್ಲಿ ಇಡಬೇಕಂತೆ, ಕಂಪನಿಯವರು ಹೇಳಿ ಹೋಗಿದ್ದಾರೆ” ಎಂದರು. ಗಿರಾಕಿಯ ಕಣ್ಣು ಎಣ್ಣೆಯಿಂದ ಫಿನಾಯಿಲಿಗೆ ಜಾರಬೇಕೆಂಬುದು ಲೆಕ್ಕ. ಕಣ್ಣೇನೋ ಜಾರುತ್ತದೆ. ಆದರೆ ಜಾರುವ ಕಣ್ಣು ಎರಡೂ ದಿಕ್ಕಿಗೆ ಜಾರುತ್ತದೆ.

ಈ ಎಣ್ಣೆಯನ್ನು ಜನ ನಂಬಿದ್ದು ಯಾತಕ್ಕೆ ಎಂಬುದನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. ಹೆಸರು ಚಂದವಿದೆ ಎಂದಲ್ಲ. ಕೊಬ್ಬರಿಯನ್ನು ಸರಿಯಾಗಿ ಒಣಗಿಸದಿದ್ದರೆ ಬೂಷ್ಟು ಹಿಡಿಯುತ್ತದೆ, ಬೂಷ್ಟು ಹಿಡಿದ ಕೊಬ್ಬರಿಯ ಎಣ್ಣೆಗೆ ಮುಗ್ಗಲು ವಾಸನೆ ಬರುತ್ತದೆ, ಆ ವಾಸನೆ ನಮ್ಮ ಕಡೆಯ ಯಾವ ಅಡುಗೆಮನೆಯಲ್ಲಿಯೂ ಅರ್ಧ ನಿಮಿಷ ಅಡಗಿ ಕುಳಿತುಕೊಳ್ಳಲಾರದು. 2018ರಲ್ಲಿ ಕೇರಳದ ಆಹಾರ ಸುರಕ್ಷತಾ ಇಲಾಖೆ ಕಲಬೆರಕೆಯ ಕಾರಣಕ್ಕೆ ಹತ್ತಾರು ತೆಂಗಿನೆಣ್ಣೆ ಬ್ರಾಂಡುಗಳನ್ನು ನಿಷೇಧಿಸಿದಾಗ ಮನೆ ಮನೆಯಲ್ಲಿ ಬಾಟಲಿಯನ್ನು ತಿರುಗಿಸಿ ಹೆಸರು ಓದಿದ್ದು ನೆನಪಿರಬಹುದು. ಆ ಪಟ್ಟಿಯಲ್ಲಿ ಇವರ ಹೆಸರು ಇರಲಿಲ್ಲ. ಅಂದು ಇವರು ಗಳಿಸಿದ್ದು ‘ಇದರಲ್ಲಿ ಬೇರೇನೂ ಬೆರೆತಿಲ್ಲ’ ಎಂಬ ಒಂದೇ ಒಂದು ಮಾತನ್ನು. ಅವರ ಆಸ್ತಿಯೆಂದರೆ ಅದು. ಈಗ ಅದೇ ಹೆಸರಿನ ಪಕ್ಕದಲ್ಲಿ, ನೀರಿಗೆ ಬಿದ್ದೊಡನೆ ಹಾಲಿನಂತೆ ಬೆಳ್ಳಗಾಗಿ ಮೂಗಿಗೆ ಅಡರುವ ದ್ರವವನ್ನು ತಂದಿಟ್ಟಿದ್ದಾರೆ.

ಇದಕ್ಕೆ ಕಂಪನಿಯ ಪರವಾಗಿ ಒಬ್ಬ ಯುವಕ ನನ್ನೊಡನೆ ವಾದಿಸಿದ. ಮಾರಾಟಶಾಸ್ತ್ರ ಓದಿದವನು, ಬುದ್ಧಿವಂತ. “ಸಾರ್, ಡೆಟಾಲ್ ಮಾಡಲಿಲ್ಲವೇ? ಗಾಯಕ್ಕೆ ಹಚ್ಚುವ ದ್ರಾವಣ ಸಾಬೂನಾಗಲಿಲ್ಲವೇ?” ಎಂದು ಕೇಳಿದ. ಆಯಿತು, ನಿಜ. ಆದರೆ ಆ ಕಥೆಯ ಮೊದಲರ್ಧವನ್ನು ಅವನ ಪುಸ್ತಕದವರು ಬಹುಶಃ ಹರಿದಿಟ್ಟುಕೊಂಡಿರಬೇಕು. ಆ ಸಾಬೂನು 1980ರ ದಶಕದ ಆರಂಭದಲ್ಲಿ ಭಾರತದ ಮಾರುಕಟ್ಟೆಗೆ ಬಂದಾಗ ಚರ್ಮದ ಕೋಮಲತೆಯ, ಅಕ್ಕರೆಯ ಮಾತನ್ನಾಡಿತ್ತು, ಜನ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಗಾಯದ ಮೇಲೆ ಚುರುಗುಟ್ಟುವ ಹೆಸರಿನಿಂದ ಯಾರು ಕೋಮಲತೆಯನ್ನು ಬಯಸುತ್ತಾರೆ? ಅದು ತನ್ನ ಮಾತನ್ನು ಬದಲಿಸಿ, ಕೊಳೆಯನ್ನೂ ಕ್ರಿಮಿಯನ್ನೂ ಪೂರ್ತಿ ತೊಳೆಯುವ ಸ್ನಾನದ ಸಾಬೂನೆಂದು ಹೇಳಿಕೊಂಡ ಮೇಲೆಯೇ ಮನೆಗಳ ಒಳಗೆ ಬಂತು. ಸಾಬೂನೆಂಬ ವಸ್ತು ಅದೇ, ಹೆಸರೂ ಅದೇ. ಮೊದಲ ಸಲ ಹೆಸರು ತನ್ನಲ್ಲಿಲ್ಲದ್ದನ್ನು ಕೊಡುತ್ತೇನೆಂದಿತು, ಎರಡನೆಯ ಸಲ ಇದ್ದದ್ದನ್ನೇ ಕೊಟ್ಟಿತು. ಹಾಗಾಗಿ ಡೆಟಾಲಿನ ಹೆಸರಲ್ಲಿ ನೆಲ ಒರೆಸುವ ದ್ರಾವಣ ಬಂದರೆ ನಮಗೆ ಏನೂ ಅನಿಸುವುದಿಲ್ಲ. ದೋಸೆ ಹಿಟ್ಟು ಬಂದರೆ ಅನಿಸುತ್ತದೆ. ನಮ್ಮವರು ಆ ದಾರಿಯನ್ನೇ ಎದುರು ದಿಕ್ಕಿನಿಂದ ನಡೆದಿದ್ದಾರೆ.

“ಹಾಗಾದರೆ ಕ್ಯಾಂಪ್ಕೊ?” ಎಂದ ಯುವಕ. ಈ ಜಿಲ್ಲೆಯಲ್ಲಿ ಅಡಿಕೆಯ ಹೆಸರೆತ್ತಿದರೆ ಮುದುಕರು ಮೆತ್ತಗಾಗುತ್ತಾರೆಂದು ಅವನಿಗೆ ಗೊತ್ತು. 1973ರಲ್ಲಿ ಅಡಿಕೆ ಬೆಳೆಗಾರರಿಗಾಗಿ ಹುಟ್ಟಿದ ಸಹಕಾರಿ ಸಂಸ್ಥೆ 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆ ತೆರೆಯಿತು, ಅಡಿಕೆಗೂ ಚಾಕಲೇಟಿಗೂ ಎಲ್ಲಿಯ ಸಂಬಂಧ ಎಂಬುದು ಅವನ ಪ್ರಶ್ನೆ. ಸಂಬಂಧವಿರುವುದು ನಾಲಗೆಯಲ್ಲಲ್ಲ, ತೋಟದಲ್ಲಿ. ಅಡಿಕೆಯ ನೆರಳಿನಲ್ಲಿ ಕೊಕ್ಕೋ ಬೆಳೆದು, ಧಾರಣೆ ಕುಸಿದು, ಕೊಳ್ಳುವವರಿಲ್ಲದೆ ಕುಳಿತ ಕೃಷಿಕನಿಗೆ ಈ ಸಂಸ್ಥೆಯ ಮೇಲಿದ್ದ ನಂಬಿಕೆ ‘ನನ್ನ ಮಾಲನ್ನು ನ್ಯಾಯವಾದ ಬೆಲೆಗೆ ಕೊಳ್ಳುತ್ತದೆ’ ಎಂಬುದು. ಆ ನಂಬಿಕೆ ಅಡಿಕೆಯಿಂದ ಕೊಕ್ಕೋಗೆ ಒಂದು ಹನಿಯೂ ಚೆಲ್ಲದೆ ದಾಟಿತು. ಚಾಕಲೇಟು ತಿನ್ನುವ ಮಗುವಿನ ನಂಬಿಕೆಯನ್ನು ಮಾತ್ರ ಅದು ಅಡಿಕೆಯಿಂದ ಸಾಲ ಪಡೆಯಲಿಲ್ಲ, ರುಚಿಯಿಂದ ಬೇರೆಯಾಗಿಯೇ ಗಳಿಸಬೇಕಾಯಿತು. ಚಾಕಲೇಟಿನ ಹೊದಿಕೆಯ ಮೇಲೆ ‘ಅದೇ ಅಡಿಕೆ, ಈಗ ನಿಮ್ಮ ಮಗುವಿಗೂ’ ಎಂದು ಯಾರೂ ಬರೆಯಲಿಲ್ಲ.

ತಮಾಷೆಯೆಂದರೆ, ನಮ್ಮ ಎಣ್ಣೆಮಿಲ್ಲಿನವರು ಹಿಂದೊಮ್ಮೆ ಇದೇ ಕೆಲಸವನ್ನು ಚೆನ್ನಾಗಿ ಮಾಡಿದ್ದರು, ಅದು ಅವರಿಗೇ ಗೊತ್ತಿಲ್ಲ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯನ್ನು ಗೋಣಿಯಲ್ಲಿ ತುಂಬಿ, ಮೇಲೆ ಅದೇ ತೆಂಗಿನಮರವನ್ನು ಅಚ್ಚು ಹಾಕಿ ವರ್ಷಗಳಿಂದ ಮಾರುತ್ತಿದ್ದಾರೆ. ದನ ತಿನ್ನುವ ವಸ್ತುವಿನ ಮೇಲಿರುವ ಗುರುತು ನಮ್ಮ ಒಗ್ಗರಣೆಯ ಎಣ್ಣೆಯ ಮೇಲೆಯೂ ಇದೆಯೆಂದು ಯಾರಾದರೂ ಮುಖ ಸಿಂಡರಿಸಿದ್ದಾರೆಯೇ? ಇಲ್ಲ. ಅದೇ ಕೊಬ್ಬರಿ, ಅದೇ ಗಾಣ, ಬೇರೇನೂ ಬೆರೆತಿಲ್ಲವೆಂಬ ಅದೇ ಮಾತು. ಹಿಂಡಿಯ ಗೋಣಿ ಎಣ್ಣೆಗೆ ಸಾಕ್ಷಿಯೇ ಆಯಿತು: ಹಿಂಡಿಯಲ್ಲಿಯೂ ಮೋಸ ಮಾಡದವರು ಎಣ್ಣೆಯಲ್ಲಿ ಮಾಡುತ್ತಾರೆಯೇ ಎಂದು ಜನ ಆಡಿಕೊಂಡರು. ಆ ಜಾಡಿನಲ್ಲಿಯೇ ಮುಂದೆ ಹೋಗಿ ಕೊಬ್ಬರಿ ಚಟ್ನಿಪುಡಿಯನ್ನೋ ಎಳೆಮಕ್ಕಳ ಮೈಗೆ ತಿಕ್ಕುವ ಎಣ್ಣೆಯನ್ನೋ ತಂದಿದ್ದರೆ ನಾನೇ ಸಾಲಿನಲ್ಲಿ ನಿಂತು ಕೊಳ್ಳುತ್ತಿದ್ದೆ. ಫಿನಾಯಿಲನ್ನೇ ಮಾರಬೇಕೆಂಬ ಹಟವಿದ್ದರೂ ಬೇರೆ ಹೆಸರು, ಬೇರೆ ಆಕಾರದ ಬಾಟಲಿ, ಬೇರೆ ಬಣ್ಣದ ಮುಚ್ಚಳದಲ್ಲಿ ಮಾರಬಹುದಿತ್ತು. ಯಾರು ಬೇಡವೆನ್ನುತ್ತಿದ್ದರು? ಆದರೆ ಹೊಸ ಹೆಸರನ್ನು ಜನರ ಬಾಯಿಗೆ ತರಲು ಹಣ ಬೇಕು, ಕಾಲ ಬೇಕು. ಹಳೆಯ ಹೆಸರು ಪುಕ್ಕಟೆ.

ಪುಕ್ಕಟೆ ಅಲ್ಲ ಸ್ವಾಮೀ. ನಮ್ಮದು ಅದು. ಮೂವತ್ತು ವರ್ಷ ಅಂಗಡಿಯಲ್ಲಿ ಬೇರೆ ಬಾಟಲಿಗಿಂತ ನಾಲ್ಕು ರೂಪಾಯಿ ಹೆಚ್ಚು ಕೊಟ್ಟು ನಾವು ಕಟ್ಟಿದ್ದು. ಅದನ್ನು ಕೇಳದೆ ತೆಗೆದುಕೊಂಡು ಹೋಗಿ ನೆಲಕ್ಕೆ ಚೆಲ್ಲಿದರೆ ಸಿಟ್ಟು ಬರುತ್ತದೆ. ಬರೆದು ಬರೆದು ಆ ಸಿಟ್ಟೂ ಈಗ ದಣಿದಿದೆ.

ನಷ್ಟವಾದದ್ದು ಅವರಿಗೆ ಬೇಗನೆ ಕಾಣಿಸುವುದಿಲ್ಲ, ಏಕೆಂದರೆ ಅವರು ಎಣಿಸುವುದು ಫಿನಾಯಿಲನ್ನು. ಹೆಸರಿನ ಬಲದಿಂದ ಮೊದಲ ತಿಂಗಳುಗಳಲ್ಲಿ ಅದು ಮಾರಾಟವಾಗಿಯೇ ಆಗುತ್ತದೆ. ಸೋರುವುದು ಬೇರೆ ಪುಟದಲ್ಲಿ. ಲೀಟರ್ ಕೊಳ್ಳುತ್ತಿದ್ದವರು ಅರ್ಧ ಲೀಟರಿಗೆ ಇಳಿಯುತ್ತಾರೆ, ಕಣ್ಣುಮುಚ್ಚಿ ಚೀಲಕ್ಕೆ ಹಾಕುತ್ತಿದ್ದವರು ಬಾಟಲಿಯನ್ನು ಮೂಗಿನ ಹತ್ತಿರ ಹಿಡಿಯುತ್ತಾರೆ. ನಮ್ಮ ಮನೆಯಲ್ಲಿ ಎಣ್ಣೆಯ ಬಾಟಲಿಯ ಮೇಲೆ ಈಗ ಒಂದು ಚೀಟಿ ಅಂಟಿದೆ. ನನ್ನ ಹೆಂಡತಿ ಅದರಲ್ಲಿ ‘ಅಡುಗೆಗೆ’ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದಾಳೆ.

ಕಳೆದ ಸೋಮವಾರ ಕಂಪನಿಯ ಪ್ರತಿನಿಧಿ ಬಂದಾಗ ನಾನು ಅಂಗಡಿಯಲ್ಲಿಯೇ ಇದ್ದೆ. “ಫಿನಾಯಿಲ್ ಹೇಗೆ ಹೋಗುತ್ತಿದೆ ಶೆಟ್ಟರೇ?” ಎಂದು ಕೇಳಿದರು. “ಒಳ್ಳೆಯದಾಗಿ ಹೋಗುತ್ತಿದೆ” ಎಂದರು ಶೆಟ್ಟರು. ಅವರು ಸಂತೋಷದಿಂದ ಇನ್ನೆರಡು ಪೆಟ್ಟಿಗೆ ಬರೆದುಕೊಂಡು ಬೈಕನ್ನೇರಿದರು. ಎಣ್ಣೆಯ ವಿಷಯ ಕೇಳಲಿಲ್ಲ.